ಸರಿದೂಗಿಸಲು ಹೋಗಿ ಸಿಕ್ಕಿಕೊಂಡ ಸ್ಟ್ರಾಂಗಲ್

ನಿಫ್ಟಿ ಈಗಿರುವ ಮಟ್ಟಕ್ಕಿಂತ ಸಾಕಷ್ಟು ಮೇಲೊಂದು ಕಾಲ್, ಸಾಕಷ್ಟು ಕೆಳಗೊಂದು ಪುಟ್ ಮಾರಿ ಎರಡರ ಪ್ರೀಮಿಯಂ ಪಡೆಯುವುದೇ ಶಾರ್ಟ್ ಸ್ಟ್ರಾಂಗಲ್. ವಾಯಿದೆಯ ದಿನ ಸೂಚ್ಯಂಕ ಎರಡರ ನಡುವೆ ನಿಂತರೆ ಹಣ ಮಾರಿದವರದು. ಒಂದು ಬದಿ ಒಡೆಯುವಂತೆ ಕಂಡರೆ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸವೇ. ಆದರೆ ಹೆಚ್ಚು ಚಾಲ್ತಿಯಲ್ಲಿರುವ ನಿಯಮವೊಂದು ಅಪಾಯವನ್ನು ಇಳಿಸುವ ಬದಲು ಬೆಳೆಸುತ್ತದೆ. 2024ರ ಚುನಾವಣಾ ಫಲಿತಾಂಶದ ವಾರದಲ್ಲಿ ಅದನ್ನು ಹೆಜ್ಜೆಹೆಜ್ಜೆಯಾಗಿ ನೋಡಬಹುದು.

ನಿಯಮ ಹೀಗಿದೆ: ಪೆಟ್ಟು ತಿಂದ ಬದಿಯ ಡೆಲ್ಟಾ 0.30 ದಾಟಿದರೆ ಸುರಕ್ಷಿತ ಬದಿಯನ್ನು ಮುಚ್ಚಿ, ಅಷ್ಟೇ ಡೆಲ್ಟಾ ಇರುವ ಹತ್ತಿರದ ಸ್ಟ್ರೈಕ್‌ನಲ್ಲಿ ಮತ್ತೆ ಮಾರು. ಸೂಚ್ಯಂಕ ಒಂದು ಅಂಶ ಸರಿದರೆ ಆಪ್ಷನ್ ಬೆಲೆ ಎಷ್ಟು ಸರಿಯುತ್ತದೆ ಎಂಬುದೇ ಡೆಲ್ಟಾ. ಎರಡು ಬದಿಯ ಡೆಲ್ಟಾ ಸಮವಾದರೆ ಆ ಕ್ಷಣಕ್ಕೆ ಏರಿಕೆಯೂ ಇಳಿಕೆಯೂ ನಮಗೆ ಒಂದೇ. ಜೊತೆಗೆ ಹೊಸ ಪ್ರೀಮಿಯಂ ಕೈಸೇರುತ್ತದೆ. ನಿಯಮದ ಆಕರ್ಷಣೆ ಇರುವುದೇ ಅಲ್ಲಿ.

ಮೇ 31ರ ಶುಕ್ರವಾರ ನಿಫ್ಟಿ 22,530ರಲ್ಲಿ ಮುಗಿಯಿತು. ಜೂನ್ 6ರ ವಾಯಿದೆಯ 23,500 ಕಾಲ್ ಮತ್ತು 21,500 ಪುಟ್ ಅನ್ನು ತಲಾ 50 ರೂಪಾಯಿಗೆ ಮಾರಿದ್ದೇವೆ ಎನ್ನೋಣ. ಸೂಚ್ಯಂಕದ ಮಟ್ಟಗಳು ಆ ವಾರ ನಿಜಕ್ಕೂ ಕಂಡವು. ಪ್ರೀಮಿಯಂಗಳು ಮಾತ್ರ ಲೆಕ್ಕಕ್ಕೆಂದು ನಾನು ಅಂದಾಜಿಸಿದವು. ವಾರಾಂತ್ಯದಲ್ಲಿ ಎಕ್ಸಿಟ್ ಪೋಲ್‌ಗಳು ಬಂದವು. ಸೋಮವಾರ ನಿಫ್ಟಿ 800 ಅಂಶ ಮೇಲೆಯೇ ತೆರೆದು, 23,264ರಲ್ಲಿ ಮುಗಿಯಿತು. ಕಾಲ್ ಸುಮಾರು 113 ರೂಪಾಯಿಗೆ ಏರಿ ಡೆಲ್ಟಾ 0.30 ದಾಟಿತು, ಪುಟ್ 5ಕ್ಕೆ ಇಳಿಯಿತು. ನಷ್ಟ ಬರೀ 18 ಅಂಶ. ನಿಯಮದಂತೆ ಆ ಪುಟ್ ಮುಚ್ಚಿ 23,000 ಪುಟ್ ಅನ್ನು 100ಕ್ಕೆ ಮಾರಿದರೆ ಒಟ್ಟು ಜಮೆ 195. ಪರದೆಯ ಮೇಲೆ ಪರಿಸ್ಥಿತಿ ಸುಧಾರಿಸಿದಂತೆಯೇ ಕಾಣುತ್ತದೆ.

ಆದರೆ ನಷ್ಟವಿಲ್ಲದೆ ಉಳಿಯುವ ಹಾದಿಯ ಅಗಲ ನೋಡಿ. ಮೊದಲು 21,400ರಿಂದ 23,600ರವರೆಗೆ, ಅಂದರೆ 2,200 ಅಂಶ ಇತ್ತು. ಈಗ 22,805ರಿಂದ 23,695ರವರೆಗೆ, 890 ಅಂಶ. ಸ್ಟ್ರೈಕ್ ಹತ್ತಿರ ಬಂದಷ್ಟೂ, ವಾಯಿದೆಗೆ ದಿನಗಳು ಕಡಿಮೆಯಾದಷ್ಟೂ ಡೆಲ್ಟಾ ತಾನೇ ಬದಲಾಗುವ ವೇಗ ಹೆಚ್ಚುತ್ತದೆ. ಆ ವೇಗಕ್ಕೆ ಗ್ಯಾಮಾ ಎನ್ನುತ್ತಾರೆ. ನಿಯಮ ಡೆಲ್ಟಾವನ್ನು ಸಮ ಮಾಡಿತು, ಗ್ಯಾಮಾವನ್ನು ಹೆಚ್ಚಿಸಿತು. ತೂಗಿದ್ದು ಅಂದಿನ ಭಾರವನ್ನು, ಮರುದಿನ ಅದು ಹೇಗೆ ಬೆಳೆಯುತ್ತದೆ ಎಂಬುದನ್ನಲ್ಲ.

ಜೂನ್ 4ರಂದು ಮತ ಎಣಿಕೆ. ನಿಫ್ಟಿ ಒಂದು ಹಂತದಲ್ಲಿ 21,281ಕ್ಕೆ ಕುಸಿಯಿತು. 23,000 ಪುಟ್‌ನ ಅಂತರ್ಗತ ಮೌಲ್ಯವೇ 1,719. ದಿನದ ಕೊನೆಗೆ ಸೂಚ್ಯಂಕ 21,884. ಈಗ ಪೆಟ್ಟು ತಿಂದದ್ದು ಪುಟ್, ಆದ್ದರಿಂದ ಅದೇ ನಿಯಮ ಕಾಲ್ ಅನ್ನು ಕೆಳಗಿಳಿಸು ಎನ್ನುತ್ತದೆ. ಆಳದ ಪುಟ್‌ನ ಡೆಲ್ಟಾ ಒಂದರ ಸಮೀಪ ಬಂದಿದ್ದರಿಂದ ಕಾಲ್ ಅದನ್ನು ಸರಿಗಟ್ಟಲಾರದು. ಆದರೂ ಹಳೆಯ ಕಾಲ್ ಮುಚ್ಚಿದ ಖರ್ಚು ಕಳೆದು 22,000 ಕಾಲ್‌ನಿಂದ 122 ಸಿಕ್ಕರೆ ಜಮೆ 317 ಆಗುತ್ತದೆ.

ಇಲ್ಲೇ ಸ್ಟ್ರಾಂಗಲ್ ತಲೆಕೆಳಗಾಯಿತು: ಪುಟ್ ಮೇಲೆ, ಕಾಲ್ ಕೆಳಗೆ. 22,000 ಮತ್ತು 23,000ರ ನಡುವೆ ಎಲ್ಲೇ ಮುಗಿದರೂ ಎರಡೂ ಸೇರಿ ಸರಿಯಾಗಿ 1,000 ಕೊಡಬೇಕು. ಪಡೆದದ್ದು 317, ಆದ್ದರಿಂದ ಕನಿಷ್ಠ ನಷ್ಟ 683 ಎಂಬುದು ಆಗಲೇ ನಿಶ್ಚಯವಾಯಿತು. ಜೂನ್ 6ರಂದು ನಿಫ್ಟಿ 22,821ರಲ್ಲಿ ಮುಗಿದು ಅಷ್ಟೇ ಆಯಿತು: ಆಗಿನ 25ರ ಲಾಟ್‌ಗೆ 17,075 ರೂಪಾಯಿ. ಮೊದಲು ಪಡೆದ ಪ್ರೀಮಿಯಂ 2,500.

ಮುಟ್ಟದೆ ಬಿಟ್ಟಿದ್ದರೆ ಪೂರ್ತಿ ಲಾಭವಾಗುತ್ತಿತ್ತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನಾಲ್ಕರಂದು 21,500 ಕೂಡ ಒಡೆದಿತ್ತು, ಉಳಿದದ್ದು ಅದೃಷ್ಟ. ನಿಜವಾದ ಹೋಲಿಕೆ ಬೇರೆ: ಸೋಮವಾರ ಸಂಜೆ ಎರಡನ್ನೂ ಮುಚ್ಚಿದ್ದರೆ ಹೋಗುತ್ತಿದ್ದುದು 18 ಅಂಶ, ಅಂದರೆ 450 ರೂಪಾಯಿ.

ಹಾಗಾದರೆ ಬದಲಾಗಬೇಕಾದದ್ದು ನಿಯಮದ ಮೊದಲ ಸಾಲು. ಯಾವ ಬದಿ ಒಡೆದರೂ ಒಟ್ಟು ಅಪಾಯ ಇಳಿಯುವ ಕೆಲಸಕ್ಕೆ ಮಾತ್ರ ಅನುಮತಿ: ಪೆಟ್ಟು ತಿಂದ ಬದಿಯನ್ನು ಕೊಂಡು ಮುಚ್ಚುವುದು, ಇಲ್ಲವೇ ಎರಡನ್ನೂ. ಸುರಕ್ಷಿತ ಬದಿಯನ್ನು ಸರಿಸಲೇಬೇಕೆಂದರೆ ಒಮ್ಮೆ ಮಾತ್ರ, ಹೊಸ ಹಾದಿಯ ಅಗಲವನ್ನು ಲೆಕ್ಕ ಹಾಕಿದ ಮೇಲೆ. ಪುಟ್ ಕಾಲ್‌ಗಿಂತ ಮೇಲೆ ಹೋಗುವ ಹೊಂದಾಣಿಕೆ ಎಂದಿಗೂ ಇಲ್ಲ.

ಸ್ಟಾಪ್‌ಲಾಸ್ ಇದೆಯಲ್ಲ ಎಂದರೆ, ಆ ಸೋಮವಾರದ 800 ಅಂಶ ಮಾರುಕಟ್ಟೆ ಮುಚ್ಚಿದ್ದಾಗಲೇ ದಾಟಿಹೋಗಿತ್ತು. ನಡುವಿನ ಬೆಲೆಗಳಲ್ಲಿ ವಹಿವಾಟೇ ನಡೆಯದಿದ್ದಾಗ ಸ್ಟಾಪ್ ಅಲ್ಲಿ ನಿಲ್ಲಿಸಲಾರದು. ಅಂಥ ಜಿಗಿತಕ್ಕೆ ಉತ್ತರ ಮೊದಲ ದಿನವೇ ಕೊಂಡ ರಕ್ಷಣೆ: 24,000 ಕಾಲ್, 21,000 ಪುಟ್ ತಲಾ 20ಕ್ಕೆ ಸಿಕ್ಕರೆ ನಿವ್ವಳ ಜಮೆ 60, ಗರಿಷ್ಠ ನಷ್ಟ 440 ಅಂಶ. ಆದರೆ ಮಾರಿದ ಪುಟ್ ಅನ್ನು 23,000ಕ್ಕೆ ಏರಿಸಿ ಕೊಂಡ ಪುಟ್ ಅನ್ನು 21,000ದಲ್ಲೇ ಬಿಟ್ಟರೆ ಆ ಮಿತಿ 1,845ಕ್ಕೆ ಜಿಗಿಯುತ್ತದೆ. 2024ರ ನವೆಂಬರಿನಲ್ಲಿ ಹೊಸ ಒಪ್ಪಂದಗಳ ಲಾಟ್ 75 ಆಯಿತು. ಆ ಲಾಟ್‌ನಲ್ಲಿ 440 ಅಂಶವೆಂದರೆ 33,000 ರೂಪಾಯಿ, 1,845 ಅಂಶವೆಂದರೆ 1,38,375.