ಸರಿಯಾಗಿ ಒಂದು ಸೆಕೆಂಡಿನ ತಡ

ಕ್ಲೌಡ್ ಕಂಪನಿಗಳ ಸಪೋರ್ಟ್ ವಿಭಾಗಕ್ಕೆ ಬರುವ ಮೇಲ್‌ಗಳಲ್ಲಿ ಒಂದು ಬಗೆಯವು ಹೀಗಿರುತ್ತವೆ: ‘ನಮ್ಮ ಎರಡು ಸರ್ವರ್‌ಗಳ ನಡುವೆ ನೆಟ್‌ವರ್ಕ್ ಆಗಾಗ ಕೈಕೊಡುತ್ತಿದೆ, ದಯವಿಟ್ಟು ನೋಡಿ.’ ಅದಕ್ಕೆ ಸಿಗುವ ಉತ್ತರವೂ ರೂಢಿಯದೇ: ‘ನಮ್ಮ ಕಡೆ ಎಲ್ಲ ಸರಿಯಾಗಿದೆ.’ ಇಬ್ಬರೂ ಕಂಡದ್ದನ್ನೇ ಹೇಳುತ್ತಿರುತ್ತಾರೆ. ನೂರರಲ್ಲಿ ಒಂದು ಪ್ಯಾಕೆಟ್ ಕಳೆದುಹೋಗುವ, ಅದೂ ಕೆಲವೇ ಸಂಪರ್ಕಗಳಲ್ಲಿ ಕಳೆದುಹೋಗುವ ತೊಂದರೆ ಒಬ್ಬ ಗ್ರಾಹಕರಿಗೆ ದಿನವಿಡೀ ಕಾಟ ಕೊಡುತ್ತದೆ. ಅಸಂಖ್ಯ ಸ್ವಿಚ್‌ಗಳನ್ನು ಒಟ್ಟಿಗೆ ಗಮನಿಸುವ ಡೇಟಾ ಸೆಂಟರಿನ ಪರದೆಯ ಮೇಲೆ ಮಾತ್ರ ಅದರ ಸುಳಿವೇ ಇರುವುದಿಲ್ಲ. ಹಾಗಾಗಿ ತೊಂದರೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಕೆಲಸ ಗ್ರಾಹಕರು ಬರೆಯುವ ಮೇಲ್ ಮೇಲೆಯೇ ಬೀಳುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆನ್‌ಲೈನ್‌ನಲ್ಲಿ ಟಿಕೆಟ್ ಮಾರುವ ಸಣ್ಣ ತಂಡವೊಂದು ಎರಡು ಕ್ಲೌಡ್ ಸರ್ವರ್‌ಗಳನ್ನು ಬಾಡಿಗೆಗೆ ಪಡೆದಿದೆ. ಒಂದರಲ್ಲಿ ವೆಬ್‌ಸೈಟ್, ಇನ್ನೊಂದರಲ್ಲಿ ಡೇಟಾಬೇಸ್. ಎರಡೂ ಒಂದೇ ರೀಜನ್‌ನಲ್ಲಿವೆ. ಅಂದರೆ ಒಂದೇ ಊರಿನ ಆಸುಪಾಸಿನಲ್ಲಿ, ಪರಸ್ಪರ ಜೋಡಿಸಿದ ಡೇಟಾ ಸೆಂಟರ್‌ಗಳಲ್ಲಿ. ಇಷ್ಟು ಹತ್ತಿರದಲ್ಲಿ ಒಂದು ಪ್ಯಾಕೆಟ್ ಹೋಗಿ ಉತ್ತರ ಬರಲು ಸುಮಾರು ಒಂದು ಮಿಲಿಸೆಕೆಂಡ್ ಸಾಕು. ಆದರೆ ಈ ತಂಡದ ಲಾಗ್‌ನಲ್ಲಿ ಬಹುಪಾಲು ಸಂಪರ್ಕಗಳು ಒಂದು ಮಿಲಿಸೆಕೆಂಡಿನಲ್ಲಿ ಆಗುತ್ತಿದ್ದರೆ, ನಡುನಡುವೆ ಕೆಲವಕ್ಕೆ ಒಂದು ಸೆಕೆಂಡ್ ಹಿಡಿಯುತ್ತಿದೆ. ಅಪರೂಪಕ್ಕೆ ಮೂರು ಸೆಕೆಂಡ್.

ಅರ್ಧ ಸೆಕೆಂಡ್ ಹಿಡಿದದ್ದು ಯಾವುದೂ ಇಲ್ಲ, ಒಂದೂಕಾಲು ಹಿಡಿದದ್ದೂ ಇಲ್ಲ. ಮೊದಲ ಸುಳಿವು ಅಲ್ಲೇ ಇದೆ.

ಎರಡು ಕಂಪ್ಯೂಟರ್‌ಗಳು ಟಿಸಿಪಿ ಸಂಪರ್ಕ ಶುರುಮಾಡುವಾಗ ಒಂದು ಕಡೆಯಿಂದ ‘ಸಿನ್’ ಎಂಬ ಪುಟ್ಟ ಪ್ಯಾಕೆಟ್ ಹೊರಡುತ್ತದೆ. ಉತ್ತರ ಬಾರದಿದ್ದರೆ ಕಳುಹಿಸಿದವರು ಸ್ವಲ್ಪ ಕಾದು ಮತ್ತೆ ಕಳುಹಿಸುತ್ತಾರೆ. ಈ ಮೊದಲ ಕಾಯುವಿಕೆ ಹಿಂದೆ ಮೂರು ಸೆಕೆಂಡ್ ಇತ್ತು. 2011ರಲ್ಲಿ ಬಂದ ಆರ್‌ಎಫ್‌ಸಿ 6298 ಅದನ್ನು ಒಂದು ಸೆಕೆಂಡಿಗೆ ಇಳಿಸಿತು. ಎರಡನೆಯದೂ ಕಳೆದುಹೋದರೆ ಇನ್ನೂ ಎರಡು ಸೆಕೆಂಡ್ ಕಾಯಬೇಕು, ಒಟ್ಟು ಮೂರು. ಡೇಟಾಬೇಸ್ ನಿಧಾನವಾಗಿದ್ದರೆ ತಡ ಅಡ್ಡಾದಿಡ್ಡಿಯಾಗಿ ಹರಡಿಕೊಂಡಿರುತ್ತದೆ. ಒಂದು, ಮೂರು ಎಂದು ಮೆಟ್ಟಿಲು ಮೆಟ್ಟಿಲಾಗಿ ಬಂದರೆ, ಸಂಪರ್ಕದ ಮೊದಲ ಪ್ಯಾಕೆಟ್ಟೋ ಅದಕ್ಕೆ ಬರಬೇಕಾದ ಉತ್ತರವೋ ದಾರಿಯಲ್ಲಿ ಕಳೆದುಹೋಗುತ್ತಿದೆ ಎಂದು ಬಲವಾಗಿ ಶಂಕಿಸಬಹುದು.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ `ping`. ಅರ್ಧ ಗಂಟೆ ಓಡಿಸಿದರೂ ಒಂದು ಪ್ಯಾಕೆಟ್ ಕೂಡ ಕಳೆಯುವುದಿಲ್ಲ, ಎಲ್ಲರಿಗೂ ಗೊಂದಲ. ಕಾರಣ ದಾರಿಗಳ ಹಂಚಿಕೆಯಲ್ಲಿದೆ. ಡೇಟಾ ಸೆಂಟರಿನಲ್ಲಿ ಎರಡು ಸರ್ವರ್‌ಗಳ ನಡುವೆ ಸರಿಸಮನಾದ ಹಲವು ದಾರಿಗಳಿರುತ್ತವೆ. ಎಂಟು ಸಾಲುಗಳ ಟೋಲ್ ಗೇಟನ್ನು ನೆನೆದುಕೊಳ್ಳಿ; ಯಾವ ವಾಹನ ಯಾವ ಸಾಲಿಗೆ ಎಂಬುದನ್ನು ನಂಬರ್ ಪ್ಲೇಟ್ ನೋಡಿ ತೀರ್ಮಾನಿಸುತ್ತಾರೆ, ಹಾಗಾಗಿ ಒಂದು ವಾಹನ ಎಷ್ಟು ಸಲ ಬಂದರೂ ಅದೇ ಸಾಲಿಗೇ ಹೋಗುತ್ತದೆ. ಪ್ಯಾಕೆಟ್ಟಿಗೆ ಈ ನಂಬರ್ ಪ್ಲೇಟ್ ಐದು ಅಂಶಗಳಿಂದ ಆಗುತ್ತದೆ: ಎರಡೂ ಕಡೆಯ ಐಪಿ ವಿಳಾಸ, ಎರಡೂ ಕಡೆಯ ಪೋರ್ಟ್ ಸಂಖ್ಯೆ, ಪ್ರೋಟೋಕಾಲ್. ಸ್ವಿಚ್‌ಗಳು ಇವುಗಳಿಂದ ಒಂದು ಲೆಕ್ಕ ಮಾಡಿ ದಾರಿ ಆರಿಸುತ್ತವೆ. `ping`ಗೆ ಪೋರ್ಟ್ ಸಂಖ್ಯೆಯೇ ಇಲ್ಲ. ಹಾಗಾಗಿ ಅದು ಎಷ್ಟು ಸಲ ಹೋದರೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಹೋಗಿಬರುತ್ತದೆ. ಆ ದಾರಿ ಚೆನ್ನಾಗಿದ್ದರೆ ಉಳಿದವುಗಳ ಬಗ್ಗೆ ಏನೂ ತಿಳಿಯುವುದಿಲ್ಲ.

ಡೇಟಾಬೇಸಿಗೆ ಹೋಗುವ ಪ್ರತಿ ಹೊಸ ಸಂಪರ್ಕವಾದರೋ ಹೊಸ ಪೋರ್ಟ್ ಸಂಖ್ಯೆ ಹಿಡಿದು ಹೊರಡುತ್ತದೆ. ಅವುಗಳಲ್ಲಿ ಕೆಲವು ಕೆಟ್ಟ ದಾರಿಗೆ ಬೀಳುತ್ತವೆ. ‘ಆಗಾಗ’ ಎಂದು ಜನ ಹೇಳುವ ತೊಂದರೆಗೆ ಎಷ್ಟೋ ಸಲ ಕಾರಣ ಇದೇ.

ಹಾಗಾದರೆ ಪರೀಕ್ಷೆಯೂ ಪೋರ್ಟ್ ಹಿಡಿದೇ ನಡೆಯಬೇಕು. ನಮ್ಮ ತಂಡ `hping3` ಎಂಬ ಉಪಕರಣದಿಂದ ಒಂದೊಂದು ಪೋರ್ಟ್‌ನಿಂದಲೂ ಇನ್ನೂರು ಸಿನ್ ಪ್ಯಾಕೆಟ್‌ಗಳನ್ನು ಕಳುಹಿಸುತ್ತದೆ. ಸೆಕೆಂಡಿಗೆ ಇಪ್ಪತ್ತರಂತೆ, ನಿಧಾನವಾಗಿ. ಜೋರಾಗಿ ಸುರಿದರೆ ಪರೀಕ್ಷೆಯೇ ದಾಳಿಯಂತೆ ಕಾಣುತ್ತದೆ.

```
hping3 -S -p 5432 -s 41732 -k -c 200 -i u50000 10.20.2.40
200 packets transmitted, 181 packets received, 10% packet loss
```

ಹೀಗೆ ಮೂವತ್ತೆರಡು ಪೋರ್ಟ್‌ಗಳನ್ನು ಪರೀಕ್ಷಿಸಿದಾಗ ಇಪ್ಪತ್ತೆಂಟರಲ್ಲಿ ಒಂದೂ ಕಳೆಯಲಿಲ್ಲ, ನಾಲ್ಕರಲ್ಲಿ ಮಾತ್ರ ಸುಮಾರು ಹತ್ತರಲ್ಲೊಂದು ಕಳೆಯಿತು ಎಂದಿಟ್ಟುಕೊಳ್ಳಿ. ಒಟ್ಟು ಸರಾಸರಿ ತೆಗೆದರೆ ಶೇ. 1ರ ಆಸುಪಾಸು, ಯಾರ ಗಮನಕ್ಕೂ ಬಾರದ ಸಂಖ್ಯೆ. ಪೋರ್ಟ್‌ವಾರು ಬಿಡಿಸಿ ಇಟ್ಟರೆ ಚಿತ್ರವೇ ಬದಲಾಗುತ್ತದೆ. ಸರ್ವರ್‌ಗೆ ಹೊರೆ ಹೆಚ್ಚಾಗಿದ್ದರೆ ನಷ್ಟ ಎಲ್ಲ ಪೋರ್ಟ್‌ಗಳಿಗೂ ಹಂಚಿಹೋಗಬೇಕಿತ್ತು. ನಾಲ್ಕನ್ನೇ ಆರಿಸಿಕೊಳ್ಳುವುದು ಕೆಟ್ಟ ದಾರಿಯ ಗುರುತು. ಮೇಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದ ಸಾಲು ಇದು.

ಎರಡನೆಯ ಸಾಕ್ಷ್ಯ ಎರಡೂ ತುದಿಗಳಲ್ಲಿ ಒಟ್ಟಿಗೆ ಹಿಡಿದ ಟ್ರೇಸ್. ಒಂದೇ ತುದಿಯ ಟ್ರೇಸ್‌ನಿಂದ ಉತ್ತರ ಬರಲಿಲ್ಲ ಎನ್ನುವುದಷ್ಟೇ ತಿಳಿಯುತ್ತದೆ. ಹೋಗುವಾಗ ಕಳೆಯಿತೋ ಬರುವಾಗಲೋ ತಿಳಿಯದು. ಹೋಗುವ ದಾರಿ, ಬರುವ ದಾರಿ ಬೇರೆಬೇರೆ ಇರಬಹುದಾದ್ದರಿಂದ ಈ ವ್ಯತ್ಯಾಸ ಮುಖ್ಯ. ಎರಡೂ ಕಡೆ `tcpdump` ಓಡಿಸಿ, ಡೇಟಾಬೇಸಿಗೆ ಎಂದಿನಂತೆ ಸಂಪರ್ಕ ಮಾಡಿದಾಗ ವೆಬ್ ಸರ್ವರ್‌ನಲ್ಲಿ ಕಂಡದ್ದು:

```
09:14:22.318204 IP 10.20.1.15.41732 > 10.20.2.40.5432: Flags [S], seq 2917740551
09:14:23.345117 IP 10.20.1.15.41732 > 10.20.2.40.5432: Flags [S], seq 2917740551
```

ಡೇಟಾಬೇಸ್ ಸರ್ವರ್‌ನಲ್ಲಿ ಕಂಡದ್ದು:

```
09:14:23.345602 IP 10.20.1.15.41732 > 10.20.2.40.5432: Flags [S], seq 2917740551
```

ಕೊನೆಯ ಸಂಖ್ಯೆ ಎಲ್ಲ ಸಾಲುಗಳಲ್ಲೂ ಒಂದೇ, ಆದ್ದರಿಂದ ಎಲ್ಲವೂ ಒಂದೇ ಸಂಪರ್ಕದ ಪ್ರಯತ್ನ. ವೆಬ್ ಸರ್ವರ್‌ನಿಂದ ಎರಡು ಪ್ಯಾಕೆಟ್ ಹೊರಟಿವೆ, ಡೇಟಾಬೇಸ್ ಸರ್ವರ್‌ಗೆ ಒಂದೇ ತಲುಪಿದೆ. 22ನೇ ಸೆಕೆಂಡಿನದು ಹೋಗುವ ದಾರಿಯಲ್ಲೇ ಮಾಯವಾಗಿದೆ. ಇದರ ಮುಂದೆ ‘ನಿಮ್ಮ ಡೇಟಾಬೇಸ್ ನಿಧಾನವಾಗಿರಬಹುದು’ ಎಂಬ ಮಾತು ನಿಲ್ಲುವುದಿಲ್ಲ.

ಈ ಸಮಯಗಳು ಯುಟಿಸಿಯಲ್ಲಿವೆ. ಭಾರತದ ಗಡಿಯಾರದಲ್ಲಿ ಆಗ ಮಧ್ಯಾಹ್ನ 2 ಗಂಟೆ 44 ನಿಮಿಷ. ಮೇಲ್ ಓದುವವರು ಯಾವ ದೇಶದಲ್ಲಿ ಕೂತಿರುತ್ತಾರೋ ತಿಳಿಯದು. ಯುಟಿಸಿ ಎಂದು ಸ್ಪಷ್ಟವಾಗಿ ಬರೆಯದ ಸಮಯವನ್ನು ಅವರು ಐದೂವರೆ ಗಂಟೆ ಆಚೀಚೆ ಹುಡುಕುವ ಅಪಾಯ ಇದ್ದೇ ಇದೆ. ಎರಡೂ ಸರ್ವರ್‌ಗಳ ಗಡಿಯಾರ ಹೊಂದಿಕೊಂಡಿದೆಯೇ ಎಂಬುದನ್ನು `chronyc tracking` ತೋರಿಸುತ್ತದೆ. ಆ ಅಂತರವನ್ನೂ ಮೇಲ್‌ನಲ್ಲಿ ಹೇಳಿಬಿಟ್ಟರೆ ಟ್ರೇಸ್‌ಗಳ ಬಗ್ಗೆ ಒಂದು ಅನುಮಾನ ಕಡಿಮೆಯಾಗುತ್ತದೆ. ಜಾಗದ ಹೆಸರಿನಲ್ಲೂ ಇಂಥದೇ ತೊಡಕಿದೆ. ಅಮೆಜಾನ್‌ನ ಮುಂಬೈ ರೀಜನ್‌ನಲ್ಲಿ ಒಂದು ಖಾತೆಗೆ `ap-south-1a` ಎಂದು ಕಾಣುವ ವಲಯವೇ ಇನ್ನೊಂದು ಖಾತೆಗೂ ಅದೇ ಹೆಸರಿನಲ್ಲಿ ಕಾಣಬೇಕೆಂದಿಲ್ಲ. `aps1-az1` ಎಂಬಂಥ ವಲಯದ ಐಡಿ ಮಾತ್ರ ಎಲ್ಲರಿಗೂ ಒಂದೇ. ಅದರ ಜೊತೆಗೆ ಎರಡೂ ಇನ್‌ಸ್ಟನ್ಸ್‌ಗಳ ಐಡಿ ಕೊಟ್ಟರೆ, ಅವು ಯಾವ ಭೌತಿಕ ಯಂತ್ರಗಳ ಮೇಲೆ ಓಡುತ್ತಿವೆ ಎಂಬುದನ್ನು ಕಂಪನಿಯ ಎಂಜಿನಿಯರ್ ನೋಡಿಕೊಳ್ಳಬಹುದು.

ಇಷ್ಟಾದರೂ ತಪ್ಪು ಗ್ರಾಹಕರದೇ ಆಗಿರುವ ಸಾಧ್ಯತೆ ಉಳಿದಿರುತ್ತದೆ, ಅದನ್ನು ಪ್ರಾಮಾಣಿಕವಾಗಿ ತಳ್ಳಿಹಾಕಬೇಕು. ಪ್ರತಿ ಬಾಡಿಗೆ ಸರ್ವರ್‌ಗೂ ಸೆಕೆಂಡಿಗೆ ಎಷ್ಟು ಡೇಟಾ, ಎಷ್ಟು ಪ್ಯಾಕೆಟ್ ಎಂಬ ಮಿತಿಯಿದೆ. ಮಿತಿ ಮೀರಿದ ಪ್ಯಾಕೆಟ್‌ಗಳನ್ನು ಸರ್ವರ್‌ನ ಹೊರಗೆ, `tcpdump` ಅವುಗಳನ್ನು ದಾಖಲಿಸಿದ ಮೇಲೆ, ಬಿಸಾಡಬಹುದು. ಟ್ರೇಸ್‌ನಲ್ಲಿ ಅದು ನೆಟ್‌ವರ್ಕ್ ನಷ್ಟದಂತೆಯೇ ಕಾಣುತ್ತದೆ. ನಿಮಿಷದ ಸರಾಸರಿ ಕಡಿಮೆಯಿದ್ದರೂ ಕಣ್ಣುಮಿಟುಕಿಸುವಷ್ಟರಲ್ಲಿ ಬಂದುಹೋದ ಒಂದು ಅಲೆ ಮಿತಿ ದಾಟಿರಬಹುದು. ಅಮೆಜಾನ್‌ನ ನೆಟ್‌ವರ್ಕ್ ಡ್ರೈವರ್ ಈ ಲೆಕ್ಕವನ್ನು ಇಡುತ್ತದೆ:

```
ethtool -S eth0 | grep exceeded
bw_in_allowance_exceeded: 0
bw_out_allowance_exceeded: 0
pps_allowance_exceeded: 0
conntrack_allowance_exceeded: 0
linklocal_allowance_exceeded: 0
```

ಪರೀಕ್ಷೆಗೆ ಮೊದಲೊಮ್ಮೆ, ಆಮೇಲೊಮ್ಮೆ ನೋಡಿ, ಈ ಸಂಖ್ಯೆಗಳು ಏರಿಲ್ಲ ಎಂದು ತೋರಿಸಿದರೆ ಸಪೋರ್ಟ್ ವಿಭಾಗದ ಮೊದಲ ಸುತ್ತಿನ ಪ್ರಶ್ನೆಗಳಲ್ಲಿ ದೊಡ್ಡದೊಂದಕ್ಕೆ ಉತ್ತರ ಸಿಕ್ಕಂತೆ. ಹಾಗೆಯೇ, `mtr` ತೋರಿಸುವ ಪಟ್ಟಿಯಲ್ಲಿ ನಡುವಿನ ಒಂದು ರೂಟರ್ ಎದುರು ಶೇ. 60 ನಷ್ಟ ಎಂದಿದ್ದು, ಕೊನೆಯ ಸಾಲಿನಲ್ಲಿ ಸೊನ್ನೆ ಇದ್ದರೆ ಅದನ್ನು ಸಾಕ್ಷ್ಯವೆಂದು ಕಳುಹಿಸಬಾರದು. ಆ ರೂಟರ್ ತನಗೇ ಬಂದ ವಿಚಾರಣೆಗಳಿಗೆ ಉತ್ತರಿಸುವುದನ್ನು ಮಿತಿಗೊಳಿಸಿದೆ ಅಷ್ಟೆ. ಹಾದುಹೋಗುವ ಪ್ಯಾಕೆಟ್‌ಗಳಿಗೆ ಏನೂ ಆಗಿಲ್ಲ.

ಇಂಥ ಕೆಟ್ಟ ದಾರಿಗಳು ನಿಜಕ್ಕೂ ಇರುತ್ತವೆಯೇ? 2015ರಲ್ಲಿ ಮೈಕ್ರೋಸಾಫ್ಟ್‌ನ ಎಂಜಿನಿಯರ್‌ಗಳು ಪಿಂಗ್‌ಮೆಶ್ ಎಂಬ ತಮ್ಮ ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ತಮ್ಮದೇ ಡೇಟಾ ಸೆಂಟರುಗಳಲ್ಲಿ ಕಂಡ ಎರಡು ಬಗೆಯ ಕಾಯಿಲೆಗಳನ್ನು ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಒಂದರಲ್ಲಿ ಸ್ವಿಚ್ ಕೆಲವು ವಿಳಾಸ–ಪೋರ್ಟ್ ಜೋಡಿಗಳ ಪ್ಯಾಕೆಟ್‌ಗಳನ್ನೆಲ್ಲ ತಪ್ಪದೆ ನುಂಗುತ್ತದೆ. ಇನ್ನೊಂದರಲ್ಲಿ ಸಿಕ್ಕಸಿಕ್ಕವನ್ನು ಸದ್ದಿಲ್ಲದೆ ಬಿಸಾಡುತ್ತದೆ. ಎರಡನೆಯ ಬಗೆಯ ಒಂದು ಪ್ರಕರಣದಲ್ಲಿ, ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದು ಅಥವಾ ಅದಕ್ಕೂ ಕಡಿಮೆ ಇದ್ದ ನಷ್ಟ ಸಾವಿರದಲ್ಲಿ ಎರಡಕ್ಕೆ ಏರಿತು. ಹುಡುಕುತ್ತ ಹೋದಾಗ ಒಂದು ಸ್ವಿಚ್ ಸಿಕ್ಕಿತು. ಅದರೊಳಗಿನ ಒಂದು ಬಿಡಿಭಾಗದಲ್ಲಿ ಬಿಟ್‌ಗಳು ತಿರುವುಮುರುವಾಗುತ್ತಿದ್ದವು. ತೊಂದರೆ ಗೊತ್ತಾದದ್ದು ತಡವಾದ ಸಂಪರ್ಕಗಳಿಂದಲೇ. ಅಲ್ಲಿ ಮೊದಲ ಕಾಯುವಿಕೆ ಮೂರು ಸೆಕೆಂಡ್ ಇದ್ದುದರಿಂದ, ಮೂರು ಸೆಕೆಂಡ್ ಮತ್ತು ಒಂಬತ್ತು ಸೆಕೆಂಡ್ ಹಿಡಿದ ಸಂಪರ್ಕಗಳನ್ನು ಎಣಿಸಿ ಅವರು ನಷ್ಟದ ಪ್ರಮಾಣವನ್ನು ಅಂದಾಜು ಮಾಡುತ್ತಿದ್ದರು.

ನಮ್ಮ ತಂಡದ ನಾಲ್ಕು ಪೋರ್ಟ್‌ಗಳು ಎರಡನೆಯ ಬಗೆಗೆ ಸೇರುತ್ತವೆ. ಮೊದಲ ಸಲ ಸೋತ ಪ್ಯಾಕೆಟ್ ಅದೇ ಪೋರ್ಟ್‌ನಿಂದ ಎರಡನೆಯ ಸಲ ದಾಟುತ್ತಿದೆ. ಮೊದಲ ಬಗೆಯದಾಗಿದ್ದರೆ ಎಷ್ಟು ಸಲ ಕಳುಹಿಸಿದರೂ ದಾಟುತ್ತಿರಲಿಲ್ಲ. ಈ ಒಂದು ವಾಕ್ಯ ಮೇಲ್‌ನಲ್ಲಿದ್ದರೆ ನೆಟ್‌ವರ್ಕ್ ತಂಡಕ್ಕೆ ಏನನ್ನು ಹುಡುಕಬೇಕು ಎಂಬ ಅಂದಾಜು ಸಿಗುತ್ತದೆ.

ಮೇಲ್ ಕಳುಹಿಸಿದ ಮೇಲೆ ಒಂದು ಆಸೆಯನ್ನು ತಡೆದುಕೊಳ್ಳಬೇಕಾಗುತ್ತದೆ. ಸರ್ವರ್ ಅನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರುಮಾಡಿದರೆ ಅದು ಸಾಮಾನ್ಯವಾಗಿ ಬೇರೆ ಯಂತ್ರದ ಮೇಲೆ ಏಳುತ್ತದೆ, ಬಹುಶಃ ತೊಂದರೆಯೂ ಮಾಯವಾಗುತ್ತದೆ, ಜೊತೆಗೆ ಸಾಕ್ಷ್ಯವೂ. ಗಿರಾಕಿಗಳು ಕಾಯುತ್ತಿರುವಾಗ ಅದನ್ನು ಮಾಡಲೇಬೇಕೆನಿಸುವುದು ಸಹಜ. ಹೊಸದೊಂದು ಜೋಡಿಯನ್ನು ಎಬ್ಬಿಸಿ ಕೆಲಸವನ್ನು ಅಲ್ಲಿಗೆ ಸಾಗಿಸಿ, ಕೆಟ್ಟ ಜೋಡಿಯನ್ನು ಹಾಗೆಯೇ ಉಳಿಸಿ, ಪರೀಕ್ಷೆಯನ್ನು ಓಡುತ್ತ ಬಿಡುವುದು ಮೇಲು. ಒಂದೆರಡು ದಿನದ ಹೆಚ್ಚುವರಿ ಬಾಡಿಗೆಗೆ ಅದು ಖಂಡಿತ ತಕ್ಕದ್ದು.

‘ಈಗ ನೋಡಿ’ ಎಂಬ ಉತ್ತರ ಬಂದಾಗ ಆ ನಾಲ್ಕು ಪೋರ್ಟ್‌ಗಳನ್ನಷ್ಟೇ ನೋಡಿದರೆ ಸಾಲದು. ಒಂದು ದಾರಿಯನ್ನು ತೆಗೆದಾಗ ಅಥವಾ ಮತ್ತೆ ಸೇರಿಸಿದಾಗ ಸ್ವಿಚ್‌ಗಳ ಲೆಕ್ಕ ಬದಲಾಗಿ, ಹಳೆಯ ಪೋರ್ಟ್‌ಗಳು ಹೊಸ ದಾರಿಗಳಿಗೆ ಹಂಚಿಹೋಗಬಹುದು. ನಾಲ್ಕೂ ಸರಿಯಾಗಿ, ಕೆಟ್ಟ ದಾರಿ ಮಾತ್ರ ಬೇರೆ ನಾಲ್ಕಕ್ಕೆ ಗಂಟುಬಿದ್ದಿರಲು ಸಾಧ್ಯ. ಮೂವತ್ತೆರಡನ್ನೂ ಅದೇ ಕ್ರಮದಲ್ಲಿ, ಇನ್ನೂರಿನ್ನೂರರಂತೆ ಮತ್ತೆ ಓಡಿಸಿ, ಹಳೆಯ ಪಟ್ಟಿಯ ಪಕ್ಕದಲ್ಲಿ ಹೊಸದನ್ನಿಟ್ಟು, ಯುಟಿಸಿ ಸಮಯದೊಂದಿಗೆ ಅದೇ ಟಿಕೆಟ್‌ಗೆ ಕಳುಹಿಸಬೇಕು.