ಮಗ ಬರೆದ ಪತ್ರ ವೀಸಾ ಕೊಡಿಸುತ್ತಾ?

ಅಮೆರಿಕದಲ್ಲಿರೋ ಮಗನೋ ಮಗಳೋ ಅಪ್ಪ-ಅಮ್ಮನನ್ನ ಕರೆಸಿಕೊಳ್ತಾರೆ ಅಂದ ತಕ್ಷಣ ನೆಂಟರು ಕೇಳೋದು ಒಂದೇ ಪ್ರಶ್ನೆ: "ಇನ್ವಿಟೇಶನ್ ಲೆಟರ್ ಬಂತಾ?" ಆ ಪತ್ರ ಬಂದರೆ ಅರ್ಧ ವೀಸಾ ಸಿಕ್ಕ ಹಾಗೆ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಮಗನೂ ಅದೇ ನಂಬಿಕೆಯಲ್ಲಿ ಸಂಬಳದ ಚೀಟಿ, ಬ್ಯಾಂಕ್ ಪತ್ರ, ಮನೆ ಬಾಡಿಗೆ ಕರಾರು ಎಲ್ಲಾ ಸೇರಿಸಿ ದಪ್ಪ ಫೈಲ್ ಕಳಿಸ್ತಾನೆ. ಚೆನ್ನೈನಲ್ಲೋ ಹೈದರಾಬಾದ್‌ನಲ್ಲೋ ಸಂದರ್ಶನ. ಅಧಿಕಾರಿ ನಾಲ್ಕು ಪ್ರಶ್ನೆ ಕೇಳಿ ಪಾಸ್‌ಪೋರ್ಟ್ ವಾಪಸ್ ಕೊಡ್ತಾರೆ. ಫೈಲ್ ತೆರೆಯೋದೇ ಇಲ್ಲ. ಯಾಕೆ ಹೀಗೆ?

ಯಾಕೆಂದರೆ ಪ್ರವಾಸಿ ವೀಸಾಗೆ, ಅಂದರೆ ಬಿ-2ಗೆ, ಆಹ್ವಾನ ಪತ್ರ ಕಡ್ಡಾಯವೇ ಅಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯೇ ಇದನ್ನ ಸ್ಪಷ್ಟವಾಗಿ ಹೇಳುತ್ತೆ. ಅಲ್ಲಿನ ವಲಸೆ ಕಾಯ್ದೆಯ 214(ಬಿ) ಕಲಂ ಪ್ರಕಾರ, ಪ್ರವಾಸಕ್ಕೆ ಅಂತ ಅರ್ಜಿ ಹಾಕುವವರೆಲ್ಲ ಅಲ್ಲೇ ನೆಲೆಸಲು ಬರುವವರು ಅಂತಲೇ ಅಧಿಕಾರಿ ಮೊದಲು ಭಾವಿಸಬೇಕು. ಹಾಗಲ್ಲ ಅಂತ ತೋರಿಸೋ ಹೊಣೆ ಅರ್ಜಿದಾರರದು. ಈಗ ಯೋಚನೆ ಮಾಡಿ. ಅಪ್ಪ-ಅಮ್ಮ ಎಲ್ಲಿ ಉಳೀತಾರೆ, ಅನ್ನ ಯಾರು ಹಾಕ್ತಾರೆ ಅಂತ ಮಗನ ಪತ್ರ ಹೇಳುತ್ತೆ. ವಾಪಸ್ ಯಾಕೆ ಬರ್ತಾರೆ ಅನ್ನೋದಕ್ಕೆ ಸಾಕ್ಷಿ ಇರೋದು ಊರಿನಲ್ಲಿ: ಮನೆ, ತೋಟ, ಪಿಂಚಣಿ, ಇಲ್ಲೇ ಇರೋ ಇನ್ನೊಬ್ಬ ಮಗಳು. ಮಗನ ಸಂಬಳ ಎಷ್ಟೇ ದೊಡ್ಡದಿದ್ದರೂ ಆ ಕೊರತೆ ತುಂಬೋದಿಲ್ಲ.

ಹಾಗಾದರೆ ಪತ್ರ ಬರೀಲೇಬಾರದಾ? ಬರೀಬೇಕು. ಆದರೆ ಅದರ ನಿಜವಾದ ಉಪಯೋಗ ಬೇರೆ. ಒಂದೇ ವಿಷಯ ಮೂರು ಕಡೆ ದಾಖಲಾಗುತ್ತೆ: ಡಿಎಸ್-160 ಅರ್ಜಿಯಲ್ಲಿ, ಪತ್ರದಲ್ಲಿ, ಕೌಂಟರ್ ಮುಂದೆ ಅಪ್ಪನ ಬಾಯಲ್ಲಿ. ಎಷ್ಟು ದಿನ ಇರ್ತೀರಿ, ಖರ್ಚು ಯಾರು ನೋಡ್ಕೋತಾರೆ ಅಂತ ಅರ್ಜಿಯಲ್ಲೂ ಕೇಳಿರ್ತಾರೆ. ನಾನು ಇಂಜಿನಿಯರಿಂಗ್ ಓದಿದವನು. ಒಂದು ಕಂಬದ ಅಳತೆ ಒಂದು ಡ್ರಾಯಿಂಗ್‌ನಲ್ಲಿ ಹತ್ತಡಿ, ಇನ್ನೊಂದರಲ್ಲಿ ಹನ್ನೆರಡಡಿ ಅಂತಿದ್ದರೆ ಸೈಟಿನಲ್ಲಿ ಕೆಲಸ ನಿಂತುಹೋಗುತ್ತೆ. ಇಲ್ಲಿ ಆಗೋದೂ ಅದೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಕಲೇಶಪುರದ ಕಡೆಯ ನಿವೃತ್ತ ಮೇಷ್ಟ್ರು. ಪಿಂಚಣಿ ಬರುತ್ತೆ, ಐದು ಎಕರೆ ಕಾಫಿ ತೋಟ ಇದೆ. ಮಗ ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾ ಮೇಲೆ ಕೆಲಸದಲ್ಲಿದ್ದಾನೆ. ಸೊಸೆಗೆ ಸೆಪ್ಟೆಂಬರ್ ಮೊದಲ ವಾರ ಹೆರಿಗೆ. ಮಗ ಯಾವುದೋ ಮಾದರಿ ನೋಡಿ ಬರೆದ: "ನನ್ನ ತಂದೆ-ತಾಯಿ ಆರು ತಿಂಗಳು ನನ್ನೊಂದಿಗೆ ಇರುತ್ತಾರೆ, ಮಗುವನ್ನು ನೋಡಿಕೊಳ್ಳುತ್ತಾರೆ, ಎಲ್ಲ ಖರ್ಚು ನನ್ನದು." ಮೇಷ್ಟ್ರ ಅರ್ಜಿ ತುಂಬಿದ ಏಜೆಂಟ್ "ಮೂರು ತಿಂಗಳು, ಸ್ವಂತ ಖರ್ಚು" ಅಂತ ಹಾಕಿದ. ಕೌಂಟರಿನಲ್ಲಿ ಮೇಷ್ಟ್ರು "ಮಗ ಹೇಳಿದಷ್ಟು ದಿನ" ಅಂದರು. ಮೂವರೂ ಸುಳ್ಳು ಹೇಳಿಲ್ಲ. ಆದರೂ ಮೂರು ಉತ್ತರ ಮೂರು ದಿಕ್ಕಿಗೆ ಹೋಯ್ತು.

ಸರಿಪಡಿಸೋದು ಹೇಗೆ? ಮೊದಲು ಅವಧಿ. "ಆರು ತಿಂಗಳು" ಅನ್ನೋದು ಲೆಕ್ಕ ಹಾಕದೆ ಬರೆದ ಮಾತು. ಅದರ ಬದಲು ತಾರೀಖು ಬರೀಬೇಕು. ಹೆರಿಗೆಗೆ ಎರಡು ವಾರ ಮುಂಚೆ, ಆಗಸ್ಟ್ 20ಕ್ಕೆ ಹೋಗೋದು. ರೋಬಸ್ಟಾ ಕೊಯ್ಲಿನ ಕೆಲಸ ಇರೋದರಿಂದ ಜನವರಿ 15ಕ್ಕೆ ವಾಪಸ್. ಐದು ತಿಂಗಳಿಗೆ ಸ್ವಲ್ಪ ಕಡಿಮೆ. ಈ ಎರಡು ತಾರೀಖಿಗೂ ಕಾರಣ ಇದೆ. ಹೋಗೋ ತಾರೀಖಿನ ಕಾರಣ ಡಲ್ಲಾಸ್‌ನಲ್ಲಿ, ಬರೋ ತಾರೀಖಿನ ಕಾರಣ ಸಕಲೇಶಪುರದಲ್ಲಿ. ಅಧಿಕಾರಿಗೆ ಬೇಕಾಗಿರೋದು ಈ ಎರಡನೇದು. "ಮಗು ನೋಡಿಕೊಳ್ಳೋಕೆ" ಅನ್ನೋ ಮಾತೂ ಬೇಡ. ಪ್ರವಾಸಿ ವೀಸಾದಲ್ಲಿ ದುಡಿಯೋ ಹಾಗಿಲ್ಲ, ಆಯಾ ಬದಲು ಅಜ್ಜಿ ಬರ್ತಿದ್ದಾರಾ ಅನ್ನೋ ಪ್ರಶ್ನೆಗೆ ನಾವೇ ದಾರಿ ಮಾಡಿಕೊಟ್ಟ ಹಾಗಾಗುತ್ತೆ. ಮೊಮ್ಮಗುವನ್ನ ನೋಡಲು, ಹೆರಿಗೆ ಹೊತ್ತಲ್ಲಿ ಮನೆಯವರ ಜೊತೆ ಇರಲು ಬರ್ತಿದ್ದಾರೆ ಅಂದರೆ ಅದು ಸತ್ಯ, ಅಷ್ಟು ಸಾಕು.

ಆಮೇಲೆ ಹಣ. "ಎಲ್ಲಾ ನನ್ನದು" ಅನ್ನೋದಕ್ಕಿಂತ ಯಾವುದು ಯಾರದು ಅಂತ ಹಂಚಿ ಬರೆದರೆ ಒಳ್ಳೇದು. ವಿಮಾನದ ಟಿಕೆಟ್ ಅಪ್ಪನ ಉಳಿತಾಯದಿಂದ. ವಸತಿ, ಊಟ, ಓಡಾಟ, ಆರೋಗ್ಯ ವಿಮೆ ಮಗನದು. ನಿಜ ಹಾಗಿದ್ದರೆ ಮಾತ್ರ ಹಾಗೆ ಬರೀರಿ. ಎಲ್ಲಾ ಮಗನೇ ಕೊಡೋದಾದರೆ ಅದನ್ನೇ ಹೇಳಿ, ಅರ್ಜಿಯಲ್ಲೂ ಅದನ್ನೇ ಹಾಕಿ. ಐ-134 ಅನ್ನೋ ಹಣಕಾಸು ಬೆಂಬಲದ ಫಾರಂ ಕೂಡ ಬೇಕೇ ಬೇಕು ಅಂತ ಕೆಲವರು ಹೆದರಿಸ್ತಾರೆ. ಸಾಮಾನ್ಯ ಬಿ-2 ಅರ್ಜಿಗೆ ಅದು ಕಡ್ಡಾಯವಲ್ಲ. ಪತ್ರಕ್ಕೆ ನೋಟರಿ ಮುದ್ರೆಯೂ ಕಡ್ಡಾಯವಲ್ಲ.

ಉಳಿದದ್ದು ಒಂದು ಪುಟಕ್ಕೆ ಮೀರಬಾರದು. ತಂದೆ-ತಾಯಿ ಹೆಸರು ಪಾಸ್‌ಪೋರ್ಟಿನಲ್ಲಿ ಇರೋ ಹಾಗೇ, ಪಾಸ್‌ಪೋರ್ಟ್ ನಂಬರ್, ಮಗನ ವಿಳಾಸ, ಕೆಲಸ, ಅವನ ವೀಸಾ ಯಾವುದು ಅನ್ನೋದು. ನಮ್ಮವರಿಗೆ ಇನಿಷಿಯಲ್ ತಾಪತ್ರಯ ಇದ್ದೇ ಇದೆ. ಮೇಷ್ಟ್ರ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು, ಮಗನ ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ ತಂದೆ ಹೆಸರಿನ ಜೊತೆ ಊರಿನ ಹೆಸರೂ ಸೇರಿರುತ್ತೆ. ಇಬ್ಬರೂ ಒಂದೇ ಅಂತ ತೋರಿಸೋ ಜನನ ಪ್ರಮಾಣಪತ್ರದಂಥ ದಾಖಲೆ ಕೈಯಲ್ಲಿರಲಿ.

ಇನ್ನೊಂದು ಮಾತು. ಪತ್ರದಲ್ಲಿ ಬರೆದ ಅವಧಿ ಅಂತಿಮ ಅಲ್ಲ. ವೀಸಾ ಹತ್ತು ವರ್ಷದ್ದು ಸಿಕ್ಕರೂ ಹತ್ತು ವರ್ಷ ಇರೋ ಹಾಗಿಲ್ಲ. ವಿಮಾನ ಇಳಿದಾಗ ಅಲ್ಲಿನ ಗಡಿ ಅಧಿಕಾರಿ ಎಷ್ಟು ದಿನ ಅಂತ ತೀರ್ಮಾನಿಸ್ತಾರೆ, ಸಾಮಾನ್ಯವಾಗಿ ಆರು ತಿಂಗಳು. ಆ ಕೊನೇ ತಾರೀಖು ಐ-94 ದಾಖಲೆಯಲ್ಲಿರುತ್ತೆ. i94.cbp.dhs.gov ತಾಣದಲ್ಲಿ ಮಗ ಇಳಿದ ವಾರವೇ ನೋಡಿಡಬೇಕು. ಗಡುವು ವಿಸ್ತರಿಸಲು ಅರ್ಜಿಯನ್ನೂ ಹಾಕದೆ ಆ ತಾರೀಖು ದಾಟಿದರೆ, ಹತ್ತು ವರ್ಷದ ವೀಸಾ ಅಲ್ಲಿಗೇ ರದ್ದು.

ಎಲ್ಲಾ ದೇಶಕ್ಕೂ ಇದೇ ಲೆಕ್ಕ ಅಂದುಕೊಳ್ಳಬೇಡಿ. ಮಗ ಕೆನಡಾದಲ್ಲಿ ಅಲ್ಲಿನ ಪೌರನೋ ಕಾಯಂ ನಿವಾಸಿಯೋ ಆಗಿದ್ದು ಹೆತ್ತವರಿಗೆ ಸೂಪರ್ ವೀಸಾ ಕೇಳೋದಾದರೆ ಪತ್ರ ಕಡ್ಡಾಯ. ಇರುವಷ್ಟೂ ದಿನ ಖರ್ಚು ನೋಡ್ಕೋತೀನಿ ಅಂತ ಸಹಿ ಹಾಕಬೇಕು, ಮನೆಯಲ್ಲಿ ಎಷ್ಟು ಜನ ಅಂತ ಬರೀಬೇಕು, ಅಷ್ಟು ಜನಕ್ಕೆ ಸರ್ಕಾರ ಗೊತ್ತುಮಾಡಿದ ಆದಾಯ ಇದೆ ಅಂತ ದಾಖಲೆ ಕೊಡಬೇಕು. ಜೊತೆಗೆ ಕನಿಷ್ಠ ಒಂದು ವರ್ಷದ, 1 ಲಕ್ಷ ಕೆನಡಾ ಡಾಲರ್ ಮೊತ್ತದ ವೈದ್ಯಕೀಯ ವಿಮೆ. ಅಲ್ಲಿ ಮಗನ ಸಂಬಳವೇ ಪರೀಕ್ಷೆ. ಅಮೆರಿಕದಲ್ಲಿ ಅಪ್ಪನ ಊರೇ ಪರೀಕ್ಷೆ.

ಕೊನೆಗೆ ಮಗ ಮಾಡಬೇಕಾದ ಒಂದು ಕೆಲಸ ಇದೆ. ಪತ್ರ ಇರೋದು ಇಂಗ್ಲಿಷಿನಲ್ಲಿ. ಎಷ್ಟೋ ಮನೆಗಳಲ್ಲಿ ಅಮ್ಮ ಅದನ್ನ ಓದಿಯೇ ಇರಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರ್ತಾರೆ ಅಷ್ಟೇ. ಸಂದರ್ಶನಕ್ಕೆ ಮುಂಚೆ ಫೋನ್ ಮಾಡಿ, ಪತ್ರದಲ್ಲಿ ಏನಿದೆ ಅಂತ ಕನ್ನಡದಲ್ಲಿ ಸಾಲು ಸಾಲಾಗಿ ಓದಿ ಹೇಳಿ. ಯಾವ ತಾರೀಖಿಗೆ ಬರ್ತೀರಮ್ಮ, ಯಾವಾಗ ವಾಪಸ್, ಟಿಕೆಟ್ ದುಡ್ಡು ಯಾರದು ಅಂತ ಅವರನ್ನೇ ಕೇಳಿ. ಅವರ ಉತ್ತರ ಪತ್ರಕ್ಕಿಂತ ಬೇರೆ ಬಂತಾ? ಹಾಗಿದ್ದರೆ ಅಮ್ಮನಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ, ಪತ್ರ ತಿದ್ದಿ.