ವೃತ್ತ ಕತ್ತರಿಸಿದರೆ ಅಂಡಾಕಾರ ಬಂತು

ಸಿಎನ್‌ಸಿ ಯಂತ್ರದ ಸರ್ವೋ ಡ್ರೈವಿನಲ್ಲಿ ಒಂದರೊಳಗೊಂದು ಮೂರು ಲೂಪುಗಳಿರುತ್ತವೆ. ಹೊರಗಿನ ಪೊಸಿಷನ್ ಲೂಪು, ಮೇಜು ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಎಷ್ಟು ಅಂತರವಿದೆ ಎಂದು ನೋಡಿ ವೇಗ ಕೇಳುತ್ತದೆ. ನಡುವಿನ ಸ್ಪೀಡ್ ಲೂಪು ಆ ವೇಗಕ್ಕೆ ಬೇಕಾದ ಕರೆಂಟು ಕೇಳುತ್ತದೆ. ಒಳಗಿನ ಕರೆಂಟ್ ಲೂಪು ಅದನ್ನು ಮೋಟಾರಿಗೆ ಹರಿಸುತ್ತದೆ. ಟಾರ್ಕ್ ಹುಟ್ಟುವುದು ಅಲ್ಲಿ. ಕರೆಂಟ್ ಲೂಪನ್ನು ಡ್ರೈವ್ ತಯಾರಕರೇ ಮೋಟಾರಿಗೆ ಹೊಂದಿಸಿ ಕೊಟ್ಟಿರುತ್ತಾರೆ, ಅದನ್ನು ಮುಟ್ಟದಿರುವುದೇ ಲೇಸು. ಷರತ್ತು ಒಂದೇ: ಒಳಗಿನ ಲೂಪು ಹೊರಗಿನದಕ್ಕಿಂತ ಹಲವು ಪಟ್ಟು ಚುರುಕಾಗಿರಬೇಕು. ಇದು ಕೆಟ್ಟರೆ ಏನಾಗುತ್ತದೆ?

ವೈ ಅಕ್ಷದ ಮೇಲೆ ಭಾರದ ಫಿಕ್ಸ್ಚರ್ ಕೂರಿಸಿದರು ಎಂದುಕೊಳ್ಳಿ. ಅದೇ ಕರೆಂಟಿಗೆ ಮೋಟಾರು ಮೊದಲಿಗಿಂತ ನಿಧಾನವಾಗಿ ವೇಗ ಹಿಡಿಯುತ್ತದೆ, ಸ್ಪೀಡ್ ಲೂಪು ಮಂಕಾಗುತ್ತದೆ. ಪೊಸಿಷನ್ ಲೂಪಿಗೆ ಇದು ತಿಳಿಯದು. ಹಳೆಯ ಅವಸರದಲ್ಲೇ ಆಜ್ಞೆ ಕೊಡುತ್ತದೆ. ಮೇಜು ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಹೋಗಿ, ಹಿಂದೆ ಬಂದು, ತೂಗಾಡಿ ನಿಲ್ಲುತ್ತದೆ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಪೊಸಿಷನ್ ಗೇನ್ ವಿಪರೀತವಾದರೂ ಇದೇ ತೂಗಾಟ ಬರುವುದರಿಂದ, ಅದನ್ನೇ ಸೆಕೆಂಡಿಗೆ 50ರಿಂದ 30ಕ್ಕೆ ಇಳಿಸಿಬಿಡುತ್ತಾರೆ. ತೂಗಾಟ ನಿಲ್ಲುತ್ತದೆ, ಎಲ್ಲರೂ ಸಮಾಧಾನಪಡುತ್ತಾರೆ. ಆದರೆ ಫೀಡ್‌ಫಾರ್ವರ್ಡ್ ಇಲ್ಲದ ಅಕ್ಷ ಯಾವಾಗಲೂ ಆಜ್ಞೆಗಿಂತ ಹಿಂದೆಯೇ ಓಡುತ್ತದೆ. ವೇಗವನ್ನು ಗೇನಿನಿಂದ ಭಾಗಿಸಿದರೆ ಎಷ್ಟು ಹಿಂದೆ ಎಂಬುದು ಸಿಗುತ್ತದೆ. ಸೆಕೆಂಡಿಗೆ 25 ಮಿ.ಮೀ. ಓಡುವಾಗ ಎಕ್ಸ್ ಅಕ್ಷ ಅರ್ಧ ಮಿ.ಮೀ. ಹಿಂದಿದ್ದರೆ, ಗೇನ್ ಇಳಿಸಿದ ವೈ ಅಕ್ಷ ಸುಮಾರು 0.83 ಮಿ.ಮೀ. ಹಿಂದೆ. ನೇರ ಗೆರೆಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಅದೇ ವೇಗದಲ್ಲಿ ದೊಡ್ಡ ವೃತ್ತ ಕತ್ತರಿಸಿ ನೋಡಿ: 45 ಡಿಗ್ರಿ ಓರೆಯಾದ ಅಂಡಾಕಾರ ಬರುತ್ತದೆ, ಒಂದು ಕರ್ಣದಲ್ಲಿ ವ್ಯಾಸ ಇನ್ನೊಂದಕ್ಕಿಂತ ಸುಮಾರು 0.67 ಮಿ.ಮೀ. ಹೆಚ್ಚು. ಆಮೇಲೆ ಬಾಲ್ ಸ್ಕ್ರೂ ಸವೆದಿದೆ ಎಂಬ ದೂರು ಹೊರಡುತ್ತದೆ. ಪಾಪದ ಸ್ಕ್ರೂ!

ಸರಿಯಾದ ದಾರಿ ಒಳಗಿನಿಂದ ಹೊರಕ್ಕೆ. ಡ್ರೈವ್ ಸಾಫ್ಟ್‌ವೇರಿನಲ್ಲಿ ಕೇಳಿದ ವೇಗ, ಬಂದ ವೇಗ ಎರಡರ ಗ್ರಾಫನ್ನೂ ಒಟ್ಟಿಗೆ ನೋಡಬೇಕು. ಬಂದ ವೇಗ ಹಿಂದೆ ಬಿದ್ದಿದ್ದರೆ ಸ್ಪೀಡ್ ಗೇನ್ ಏರಿಸಬೇಕು. ನಿಂತಲ್ಲೇ ಮೋಟಾರು ಸಣ್ಣ ದನಿಯಲ್ಲಿ ಗುಂಯ್‌ಗುಡತೊಡಗಿ ಬಿಸಿಯಾದರೆ ಮಿತಿ ದಾಟಿತೆಂದು ಅರ್ಥ; ಆಗ ಗೇನ್ ಸ್ವಲ್ಪ ತಗ್ಗಿಸಿ, ಇಲ್ಲವೇ ಆ ಕಂಪನಕ್ಕೆ ನಾಚ್ ಫಿಲ್ಟರ್ ಹಾಕಿ. ವೇಗವೇ ಗುರಿ ದಾಟಿ ನಿಧಾನವಾಗಿ ಏರಿಳಿಯುತ್ತಿದ್ದರೆ ಇಂಟಿಗ್ರಲ್ ಭಾಗ ಹೆಚ್ಚಾಗಿದೆ. ಇಷ್ಟಾದ ಮೇಲೆ ಪೊಸಿಷನ್ ಗೇನ್. ಜೊತೆಯಾಗಿ ಓಡುವ ಅಕ್ಷಗಳಿಗೆಲ್ಲ ಅದು ಒಂದೇ ಇರಲಿ. ದುರ್ಬಲ ಅಕ್ಷ ಎಷ್ಟು ತಾಳುತ್ತದೋ ಅಷ್ಟೇ ಉಳಿದವಕ್ಕೂ.

ಕಪ್ಲಿಂಗ್ ಸಡಿಲವಾಗಿದ್ದರೆ ಮಾತ್ರ ಇದಾವುದೂ ನಡೆಯದು. ಮೊದಲು ಸ್ಪ್ಯಾನರ್ ಹಿಡಿಯಿರಿ.